ಬೀಳು ಬೇರೆ, ಬಂಜರು ಬೇರೆ

"ಬಂಜರು ಅಂದರೂ ಬೀಳು ಅಂದರೂ ಒಂದೇ, ಎರಡೂ ಉಪಯೋಗಕ್ಕೆ ಬಾರದ ಜಾಗ."

ಒಂದೇ ಅಲ್ಲ ಸಾರ್. ಬಂಜರು ಅಂದರೆ ಬಂಡೆ, ಕಲ್ಲುಗುಡ್ಡ. ಎಷ್ಟು ಖರ್ಚು ಮಾಡಿದರೂ ಉಳುಮೆ ಗಿಟ್ಟುವುದಿಲ್ಲ. ಸಾಗುವಳಿಗೆ ಯೋಗ್ಯವಾದ ಬೀಳು ಹಾಗಲ್ಲ. ಹಿಂದೆ ಬೆಳೆ ಇಟ್ಟು, ಸತತ 5 ವರ್ಷ ಅಥವಾ ಜಾಸ್ತಿ ಬಿಟ್ಟ ಹೊಲವೂ ಆ ಲೆಕ್ಕಕ್ಕೇ ಬರುತ್ತದೆ. ನಮ್ಮಜ್ಜ ರಾಗಿ ಬೆಳೆಯುತ್ತಿದ್ದ ಎರಡೆಕರೆ ನೋಡಿ. ಅಣ್ಣ ಬೆಂಗಳೂರಿಗೆ ಹೋದ ಮೇಲೆ ಯಾರೂ ನೇಗಿಲು ಹೂಡಿಲ್ಲ. ಆರು ವರ್ಷವಾಯ್ತು, ಬದುವಿನ ತುಂಬ ಲಂಟಾನ. ಮಣ್ಣು ಮಾತ್ರ ಅದೇ ಕೆಂಪು ಮಣ್ಣು, ಅಲ್ವಾ? ಇನ್ನು ಅಲ್ಲಿ ದನ ಮೇಯುತ್ತವೆ ಅಂತ ಸುಮ್ನೆ ಗೋಮಾಳ ಅನ್ನೋಕಾಗಲ್ಲ. ಗೋಮಾಳ ಸರ್ಕಾರಿ ಜಮೀನು. ಕರ್ನಾಟಕದ ಭೂಕಂದಾಯ ನಿಯಮದಲ್ಲಿ 100 ಜಾನುವಾರಿಗೆ 12 ಹೆಕ್ಟೇರ್ ಅಂತ ಅದಕ್ಕೆ ಬೇರೆ ಲೆಕ್ಕವೇ ಇದೆ.