ನಡವಳಿಯಲ್ಲಿ ನನ್ನ ವಿರೋಧವೂ ಇರಲಿ

ನಮ್ಮೂರ ಹಾಲಿನ ಡೇರಿಯ ಆಡಳಿತ ಮಂಡಳಿಯಲ್ಲಿ ನಾನೊಬ್ಬ ನಿರ್ದೇಶಕ. ಡೇರಿಗೆ ಇನ್ನೊಂದು ಕೋಣೆ ಕಟ್ಟಿಸಲು ಗುತ್ತಿಗೆದಾರರೊಬ್ಬರಿಗೆ 4 ಲಕ್ಷ ರೂಪಾಯಿಯನ್ನು ಪೂರ್ತಿ ಮುಂಗಡವಾಗಿ ಕೊಡುವ ವಿಷಯ ಸಭೆಗೆ ಬಂತು. ಬೇರೆ ಯಾರಿಂದಲೂ ದರಪಟ್ಟಿ ತರಿಸಿರಲಿಲ್ಲ. ನಾನು ಬೇಡವೆಂದೆ. ಹಾಜರಿದ್ದ 9 ಜನರಲ್ಲಿ ಉಳಿದ 8 ಜನ ಒಪ್ಪಿದರು, ನಿರ್ಣಯ ಪಾಸಾಯಿತು. ಬಹುಮತದ ತೀರ್ಮಾನವೇ ಸಂಘದ ತೀರ್ಮಾನ, ಅದನ್ನು ನಾನು ಒಪ್ಪುತ್ತೇನೆ.

ಆದರೆ ವಾರದ ನಂತರ ನಡವಳಿ ಪುಸ್ತಕ ತೆಗೆದು ನೋಡಿದರೆ 'ಸಭೆಯು ಚರ್ಚಿಸಿ ಸರ್ವಾನುಮತದಿಂದ ತೀರ್ಮಾನಿಸಿತು' ಎಂದಿತ್ತು. ಅದೇ ಪುಟದಲ್ಲಿ ನನ್ನ ಸಹಿಯೂ ಇತ್ತು! ಸಭೆಗೆ ಬಂದ ಕೂಡಲೇ ಹಾಜರಾತಿಗೆಂದು ಹಾಕಿದ ಸಹಿ ಅದು. ನಿರ್ಣಯವನ್ನು ಬರೆದದ್ದು ಆಮೇಲೆ. ನಾಳೆ ಓದುವವರಿಗೆ ಆ ಸಹಿ ಒಪ್ಪಿಗೆಯಂತೆಯೇ ಕಾಣುತ್ತದೆ.

ಇದು ಬರೀ ಮಾನಾಪಮಾನದ ಮಾತಲ್ಲ. ಹಣ ಮುಳುಗಿದರೆ ಕರ್ನಾಟಕ ಸಹಕಾರ ಸಂಘಗಳ ಅಧಿನಿಯಮ, 1959ರ ಕಲಂ 64ರಡಿ ವಿಚಾರಣೆ ನಡೆಯಬಹುದು, ಕಲಂ 69ರಡಿ ನಷ್ಟವನ್ನು ಹೊಣೆಗಾರರಿಂದಲೇ ವಸೂಲು ಮಾಡಬಹುದು. ಆಗ ಯಾರು ಏನೆಂದರು ಎಂಬುದಕ್ಕೆ ಮೊದಲು ತೆಗೆದು ನೋಡುವುದು ಈ ಪುಸ್ತಕವನ್ನೇ.

ಅಂದು ರಾತ್ರಿಯೇ ಪತ್ರ ಬರೆಯಲು ಕೂತೆ. ಮೊದಲು ಬರೆದದ್ದು ಎರಡು ಪುಟ, ತುಂಬಾ ಸಿಟ್ಟು. ಹರಿದು ಹಾಕಿದೆ. ಪತ್ರದಲ್ಲಿ ವಾದವನ್ನೆಲ್ಲ ತುಂಬಿದರೆ 'ಇವರು ನಿರ್ಣಯವನ್ನೇ ಮತ್ತೆ ಚರ್ಚೆಗೆ ಎಳೆಯುತ್ತಿದ್ದಾರೆ' ಎಂದು ಬದಿಗಿಡುವುದು ಸುಲಭ. ನಾನು ಕೇಳುತ್ತಿದ್ದದ್ದು ದಾಖಲೆ ಸರಿಯಾಗಿರಲಿ ಎಂದಷ್ಟೇ. ಕೊನೆಗೆ ಇಷ್ಟು ಬರೆದೆ:

'ಮಾನ್ಯ ಅಧ್ಯಕ್ಷರೇ, ಕಳೆದ ಸಭೆಯಲ್ಲಿ ಕಟ್ಟಡದ ಮುಂಗಡ ಕುರಿತ ನಿರ್ಣಯಕ್ಕೆ ನಾನು ಒಪ್ಪಿಗೆ ಕೊಟ್ಟಿರುವುದಿಲ್ಲ. ದರಪಟ್ಟಿ ಪಡೆಯದೆ ಪೂರ್ತಿ ಹಣ ಮುಂಗಡ ಕೊಡುವುದು ಸರಿಯಲ್ಲವೆಂದು ಸಭೆಯಲ್ಲೇ ತಿಳಿಸಿದ್ದೇನೆ. ಆದ್ದರಿಂದ ಸರ್ವಾನುಮತ ಎಂಬುದನ್ನು ಬಹುಮತ ಎಂದು ತಿದ್ದಿ, ನನ್ನ ವಿರೋಧವನ್ನು ಹೆಸರು ಸಹಿತ ನಡವಳಿಯಲ್ಲಿ ದಾಖಲಿಸಬೇಕೆಂದು ಕೋರುತ್ತೇನೆ.'

ಎರಡು ಪ್ರತಿ ಮಾಡಿ, ಒಂದರ ಮೇಲೆ ಸೆಕ್ರೆಟರಿಯವರಿಂದ ತಾರೀಕು, ಮೊಹರಿನೊಂದಿಗೆ ಸ್ವೀಕೃತಿ ಪಡೆದೆ. ಹಳೇ ಪುಟದಲ್ಲಿ ಗೀಚಿ ತಿದ್ದುವುದು ಬೇಡವೆಂದೂ ಹೇಳಿದೆ. ಸಹಿಯಾದ ಪುಟವನ್ನು ಆಮೇಲೆ ತಿದ್ದಿದರೆ ಇಡೀ ಪುಸ್ತಕದ ಮೇಲೇ ಅನುಮಾನ ಬರುತ್ತದೆ. ಮುಂದಿನ ಸಭೆಯಲ್ಲಿ ಹಿಂದಿನ ನಡವಳಿ ಓದಿ ದೃಢೀಕರಿಸುವ ವಿಷಯ ಮೊದಲೇ ಬರುತ್ತದಲ್ಲ, ತಿದ್ದುಪಡಿಗೆ ಅದೇ ಜಾಗ.

ಪತ್ರದಿಂದ ಹಣವೇನೂ ನಿಲ್ಲಲಿಲ್ಲ, ಚೆಕ್ ಆಗಲೇ ಹೋಗಿತ್ತು. ಇನ್ನು ಮುಂದೆ ಅದೇ ಕೆಲಸದ ಬಿಲ್ಲಿಗೆ ನಾನು ಸುಮ್ಮನೆ ಕೈ ಎತ್ತಿದರೆ ಈ ವಿರೋಧಕ್ಕೂ ಬೆಲೆ ಇರುವುದಿಲ್ಲ.

'ಒಂದೇ ಊರಿನವರು, ಇದೆಲ್ಲ ಬರೆದಿಡಬೇಕಾ ಅಣ್ಣಾ?' ಎಂದು ಮುಂದಿನ ಸಭೆಯಲ್ಲಿ ಒಬ್ಬರು ಬೇಸರಪಟ್ಟರು. 'ನಿಮ್ಮ ಒಪ್ಪಿಗೆಯನ್ನು ಬರೆದಿದ್ದಾರಲ್ಲಪ್ಪ, ಹಾಗೇ ನನ್ನದನ್ನೂ ಬರೆಯಲಿ' ಎಂದೆ. ಅಧ್ಯಕ್ಷರು ಸ್ವಲ್ಪ ಹೊತ್ತು ಸುಮ್ಮನಿದ್ದು, ಬರೆದುಕೊಳ್ಳಿ ಎಂದು ಸೆಕ್ರೆಟರಿಗೆ ಹೇಳಿದರು. ಈ ಸಲ ಆ ಸಾಲನ್ನು ಓದಿದ ಮೇಲೆಯೇ ಕೆಳಗೆ ಸಹಿ ಹಾಕಿದೆ.