ಸಾರಾಂಶದಲ್ಲಿ ಹೆಸರುಗಳನ್ನು ಅಳಿಸಬೇಡಿ

"ಬಿಡುಗಡೆಯನ್ನು ಸೋಮವಾರಕ್ಕೆ ಮುಂದೂಡಲಾಯಿತು." ಮೀಟಿಂಗ್ ಮುಗಿದ ಮೇಲೆ ಬರುವ ಟಿಪ್ಪಣಿಗಳಲ್ಲಿ ಇಂಥ ಸಾಲನ್ನು ನಾವೆಲ್ಲ ನೋಡಿರುತ್ತೇವೆ. ಕೂತು ಕೇಳಿಸಿಕೊಂಡವರಿಗೆ ಇಷ್ಟು ಸಾಕು. ಮುಂದೂಡಲೇಬೇಕು ಅಂತ ಪಟ್ಟು ಹಿಡಿದವರು ಯಾರು, ಅರೆಮನಸ್ಸಿನಿಂದ ಒಪ್ಪಿದವರು ಯಾರು ಅನ್ನೋದು ಅವರಿಗೆ ಆಗಲೇ ಗೊತ್ತು. ಆದರೆ ಕಿವಿ ಸರಿಯಾಗಿ ಕೇಳಿಸದ ಸಹೋದ್ಯೋಗಿಗೆ ಇದೇ ಸಾಲನ್ನು ಕಳಿಸಿದರೆ, ಅವರ ಕೈಗೆ ಸಿಗುವುದು ಬರೀ ತೀರ್ಮಾನ. ನಾಳೆ ಬೆಳಗ್ಗೆ ಯಾರ ಹತ್ತಿರ ಹೋಗಿ ಮಾತಾಡಬೇಕು ಅನ್ನೋದೇ ಅವರಿಗೆ ತಿಳಿಯುವುದಿಲ್ಲ.

ನಮ್ಮ ತಂಡದಲ್ಲಿ ಅಂಥ ಒಬ್ಬ ಸಹೋದ್ಯೋಗಿ ಇದ್ದಾರೆ. ಆನ್‌ಲೈನ್ ಮೀಟಿಂಗಿನಲ್ಲಿ ಮಾತಾಡಿದ ಹಾಗೇ ಪರದೆಯ ಮೇಲೆ ಅಕ್ಷರವಾಗಿ ಮೂಡುವ ಲೈವ್ ಕ್ಯಾಪ್ಷನ್ ಪಠ್ಯದಿಂದ ಅವರಿಗಾಗಿ ಸಾರಾಂಶ ಬರೆದು ಕೊಡುವುದು ನನ್ನ ಕೆಲಸ. "ಕ್ಯಾಪ್ಷನ್ ಇದೆಯಲ್ಲ, ಮತ್ತೆ ಸಾರಾಂಶ ಯಾಕೆ?" ಅಂತ ತುಂಬಾ ಜನ ಕೇಳುತ್ತಾರೆ. ಕ್ಯಾಪ್ಷನ್ ಮಾತಿಗಿಂತ ಸ್ವಲ್ಪ ಹಿಂದೆಯೇ ಓಡುತ್ತಿರುತ್ತದೆ. ಕೊನೆಯ ಕೆಲವು ಪದಗಳು ನಾವು ಓದುತ್ತಿರುವಾಗಲೇ ಬದಲಾಗುತ್ತವೆ, ಯಾಕೆಂದರೆ ಮುಂದಿನ ಪದ ಬಂದ ಮೇಲೆ ಯಂತ್ರ ಹಿಂದಿನದನ್ನು ತಿದ್ದಿಕೊಳ್ಳುತ್ತದೆ. ಅದೇ ಹೊತ್ತಿಗೆ ಪರದೆಯ ಮೇಲೆ ಸ್ಲೈಡ್ ಇರುತ್ತದೆ, ಮಾತಾಡುವವರ ಮುಖ ಇರುತ್ತದೆ. ಮೂರನ್ನೂ ಎರಡೇ ಕಣ್ಣಿನಲ್ಲಿ ನೋಡಬೇಕು. ಒಂದು ಚಾರ್ಟ್ ನೋಡಲು ಕಣ್ಣು ಎತ್ತಿದರೆ ನಾಲ್ಕು ಸಾಲು ಮೇಲೆ ಸರಿದು ಹೋಗಿರುತ್ತದೆ. ನಮ್ಮ ಸಹೋದ್ಯೋಗಿಗೆ ಬೇಕಿರುವುದು ಆ ತಪ್ಪಿಹೋದ ಭಾಗ. ಅದರಲ್ಲೂ ಯಾವ ಮಾತು ಯಾರದು ಅನ್ನೋದು.

ಕಷ್ಟ ಶುರುವಾಗುವುದು ಇಲ್ಲೇ. ಕ್ಯಾಪ್ಷನ್ ಪಕ್ಕ ಕಾಣುವ ಹೆಸರು ಸಾಮಾನ್ಯವಾಗಿ ದನಿ ಗುರುತಿಸಿ ಹಾಕಿದ್ದಲ್ಲ. ಯಾರ ಲಾಗಿನ್‌ನಿಂದ ಶಬ್ದ ಬಂತೋ ಅವರ ಹೆಸರು ಬೀಳುತ್ತದೆ. ಎಲ್ಲರೂ ತಮ್ಮ ತಮ್ಮ ಲ್ಯಾಪ್‌ಟಾಪ್‌ನಿಂದ ಸೇರಿದ್ದರೆ ಹೆಸರು ಬಹುಮಟ್ಟಿಗೆ ಸರಿ ಇರುತ್ತದೆ. ಮೂರು ಜನ ಒಂದೇ ಕೋಣೆಯಲ್ಲಿ ಒಂದೇ ಮೈಕ್ ಸುತ್ತ ಕೂತರೆ, ಮೂವರ ಮಾತಿಗೂ ಸಾಮಾನ್ಯವಾಗಿ ಒಂದೇ ಹೆಸರು ಬರುತ್ತದೆ, ಕೋಣೆಯದೋ ಲಾಗಿನ್ ಆದ ಒಬ್ಬರದೋ.

ಒಂದು ತುಣುಕು ತೋರಿಸುತ್ತೇನೆ. ಹೆಸರಿನ ಜಾಗದಲ್ಲಿ ಅವರವರ ಕೆಲಸ ಹಾಕಿದ್ದೇನೆ.

10:14:05 ಮೀಟಿಂಗ್ ರೂಮ್: ಶುಕ್ರವಾರವೇ ಬಿಡುಗಡೆ ಮಾಡೋಣ ಆಗುತ್ತೆ ಅಲ್ವಾ ಇಲ್ಲ ಟೆಸ್ಟಿಂಗ್ ಇನ್ನೂ ಬಾಕಿ ಇದೆ
10:14:13 ಡಿಸೈನರ್: ಸರಿ
10:14:16 ಮೀಟಿಂಗ್ ರೂಮ್: ಹಾಗಾದ್ರೆ ಸೋಮವಾರ ಗ್ರಾಹಕರಿಗೆ ನಾನೇ ಹೇಳ್ತೀನಿ

ಮೊದಲ ಸಾಲನ್ನು ನೋಡಿ. ಪ್ರಶ್ನೆ, ಉತ್ತರ ಎರಡೂ ಒಂದೇ ಸಾಲಿನಲ್ಲಿವೆ. ತಾನೇ ಕೇಳಿ ತಾನೇ ಅಲ್ಲಗಳೆಯುವವರು ಕಡಿಮೆ, ಅಲ್ವಾ? ಅಂದರೆ ಇಲ್ಲಿ ಇಬ್ಬರು ಮಾತಾಡಿದ್ದಾರೆ. ಹೆಸರು ತಪ್ಪಿದೆ ಅನ್ನುವುದಕ್ಕೆ ನಾನು ಮೊದಲು ಹುಡುಕುವ ಗುರುತು ಇದೇ. ಇನ್ನೊಂದು ಗುರುತು, ಒಬ್ಬರ ಹೆಸರಿನ ಸಾಲಿನಲ್ಲೇ ಅವರನ್ನು ಹೆಸರು ಹಿಡಿದು ಕರೆದಿರುವುದು. ಯಾರೂ ತಮ್ಮನ್ನು ತಾವು ಕರೆದುಕೊಳ್ಳುವುದಿಲ್ಲ, ಹಾಗಾಗಿ ಆ ದನಿ ಬೇರೆಯವರದು.

ಇನ್ನು ಡಿಸೈನರ್ ಅಂದ "ಸರಿ". ಅದು ಶುಕ್ರವಾರಕ್ಕೆ ಒಪ್ಪಿಗೆಯೋ, ಟೆಸ್ಟಿಂಗ್ ಬಾಕಿ ಇದೆ ಅನ್ನೋದಕ್ಕೆ ಒಪ್ಪಿಗೆಯೋ, ಸುಮ್ನೆ ಕೇಳಿಸಿಕೊಂಡೆ ಅಂತಲೋ? ಪಠ್ಯ ಅದನ್ನು ಹೇಳುವುದಿಲ್ಲ. ದನಿಯ ಏರಿಳಿತ ಕ್ಯಾಪ್ಷನ್‌ಗೆ ಇಳಿಯುವುದಿಲ್ಲ. ಮೂರನೆಯ ಸಾಲಿನ "ನಾನೇ" ಇನ್ನೂ ಮುಖ್ಯ, ಅಲ್ಲಿ ಯಾರೋ ಒಂದು ಜವಾಬ್ದಾರಿ ಹೊತ್ತಿದ್ದಾರೆ. ಇದನ್ನು ಊಹೆಯಿಂದ ಬರೆಯಲು ನಾನು ಒಪ್ಪುವುದಿಲ್ಲ. ಮೀಟಿಂಗ್ ಮುಗಿದ ಕೂಡಲೇ, ಎಲ್ಲರಿಗೂ ನೆನಪಿರುವಾಗಲೇ, ಕೋಣೆಯಲ್ಲಿದ್ದವರಿಗೆ ಮೆಸೇಜ್ ಹಾಕಿ ಕೇಳುತ್ತೇನೆ: "ಗ್ರಾಹಕರಿಗೆ ಹೇಳ್ತೀನಿ ಅಂದಿದ್ದು ಯಾರು?" ಹೀಗೆ ಕೇಳಿಕೊಂಡ ಮೇಲೆ ಆ ತುಣುಕಿನ ಸಾರಾಂಶ ಹೀಗಾಯಿತು.

ಮ್ಯಾನೇಜರ್: ಶುಕ್ರವಾರವೇ ಬಿಡುಗಡೆ ಮಾಡೋಣ ಅಂದರು.
ಟೆಸ್ಟರ್: ಒಪ್ಪಲಿಲ್ಲ. ಟೆಸ್ಟಿಂಗ್ ಬಾಕಿ ಇದೆ ಅಂದರು.
ಡಿಸೈನರ್: "ಸರಿ" ಅಂದರು. ಯಾವುದಕ್ಕೆ ಅನ್ನೋದು ಸ್ಪಷ್ಟವಿಲ್ಲ (10:14:13).
ಮ್ಯಾನೇಜರ್: ಹಾಗಾದರೆ ಸೋಮವಾರ ಅಂದರು. "ಗ್ರಾಹಕರಿಗೆ ನಾನೇ ಹೇಳ್ತೀನಿ" ಅಂದರು. (ಹೇಳಿದ್ದು ಯಾರು ಅಂತ ಕೇಳಿ ಖಚಿತಪಡಿಸಿದ್ದು.)

ಮೂಲಕ್ಕಿಂತ ಇದು ಉದ್ದವಾಯಿತಲ್ಲ ಅನ್ನಬಹುದು. ಹೌದು, ಆಯಿತು. ಭಿನ್ನಾಭಿಪ್ರಾಯ ಇರುವ ಕಡೆ ನಾನು ಕಡಿಮೆ ಮಾಡುವುದಿಲ್ಲ. ಪೀಠಿಕೆ, ಒಂದೇ ಮಾತನ್ನು ಮೂರು ಸಲ ಹೇಳಿದ್ದು, ಪರದೆ ಕಾಣ್ತಿದೆಯಾ ಅಂತ ಕೇಳಿದ್ದು, ಇವನ್ನು ಧಾರಾಳವಾಗಿ ಬಿಡುತ್ತೇನೆ. ಯಾರು ಏನು ಒಪ್ಪಿಕೊಂಡರು, ಯಾರು ಬೇಡ ಅಂದರು, ಯಾರು ಕೆಲಸ ಹೊತ್ತರು ಅನ್ನೋದು ಹೆಸರಿನ ಸಮೇತ ಉಳಿಯಬೇಕು. ಮಾತು ಕೊಟ್ಟ ಕಡೆ ಅವರದೇ ಪದಗಳು ಉಳಿಯಬೇಕು. "ನೋಡ್ತೀನಿ" ಅಂದವರನ್ನು "ಮಾಡುತ್ತೇನೆ ಎಂದರು" ಅಂತ ಬರೆದರೆ ಅವರಾಡದ ಮಾತನ್ನು ಅವರ ತಲೆಗೆ ಕಟ್ಟಿದ ಹಾಗೆ.

ಸಮಯವನ್ನೂ ಅದಕ್ಕೇ ಹಾಕುತ್ತೇನೆ. ಸಂದೇಹ ಇದ್ದ ಕಡೆ ನಮ್ಮ ಸಹೋದ್ಯೋಗಿ ನೇರವಾಗಿ ಪೂರ್ತಿ ಪಠ್ಯದ ಆ ಸಾಲಿಗೆ ಹೋಗಿ ತಾವೇ ಓದಿಕೊಳ್ಳಬಹುದು. ಆದರೆ ಆ ಪಠ್ಯ ಉಳಿದಿರಬೇಕಲ್ಲ! ಪರದೆಯ ಮೇಲೆ ಕ್ಯಾಪ್ಷನ್ ಓಡಿದ ಮಾತ್ರಕ್ಕೆ ಅದು ಉಳಿಯುತ್ತದೆ ಅಂತಲ್ಲ. ಹಲವು ಕಡೆ ಟ್ರಾನ್ಸ್‌ಕ್ರಿಪ್ಟ್ ಅನ್ನು ಬೇರೆಯಾಗಿ ಆನ್ ಮಾಡಬೇಕು. ಅದನ್ನು ಮೀಟಿಂಗ್ ಶುರುವಿನಲ್ಲೇ ಎಲ್ಲರಿಗೂ ತಿಳಿಸಿ ಆನ್ ಮಾಡುವುದು ಒಳ್ಳೆಯದು.

ಈಗ ನನಗೆ ತುಂಬಾ ಸಂಕಟ ಕೊಡುವ ವಿಷಯ. ಕ್ಯಾಪ್ಷನ್‌ನಲ್ಲಿ ಇರುವುದು ದನಿಯಾಗಿ ಬಂದ ಮಾತು ಮಾತ್ರ. ನಮ್ಮ ಸಹೋದ್ಯೋಗಿ ಮಾತಾಡುವ ಬದಲು ಚಾಟ್‌ನಲ್ಲಿ ಟೈಪ್ ಮಾಡುತ್ತಾರೆ. ಈ ಮೀಟಿಂಗಿನಲ್ಲೂ 10:13ಕ್ಕೆ ಅವರು ಬರೆದಿದ್ದರು: "ಪೇಮೆಂಟ್ ಪುಟದ ಟೆಸ್ಟ್ ಇನ್ನೂ ಆಗಿಲ್ಲ." ಟೆಸ್ಟರ್ ಬೇಡ ಅಂದಿದ್ದು ಅದನ್ನು ಓದಿಯೇ. ಕ್ಯಾಪ್ಷನ್ ಒಂದನ್ನೇ ನೋಡಿ ಸಾರಾಂಶ ಬರೆದರೆ ಆ ಮಾತು ಟೆಸ್ಟರ್ ಹೆಸರಿಗೆ ಹೋಗುತ್ತದೆ. ಯಾರಿಗಾಗಿ ಸಾರಾಂಶ ಬರೆಯುತ್ತಿದ್ದೇವೋ ಅವರೇ ಅದರಿಂದ ಮಾಯವಾಗುತ್ತಾರೆ. ಸಂಜ್ಞಾ ಭಾಷೆಯ ಅನುವಾದಕರು ಇದ್ದರೂ ಹೀಗೇ ಆಗುತ್ತದೆ. ಕೈಸನ್ನೆಯಲ್ಲಿ ಹೇಳಿದ್ದು ಒಬ್ಬರು, ದನಿ ಕೊಟ್ಟಿದ್ದು ಅನುವಾದಕರು, ಕ್ಯಾಪ್ಷನ್ ಹಾಕುವುದು ಅನುವಾದಕರ ಹೆಸರು.

ಅದಕ್ಕೇ ಬರೆಯುವ ಮೊದಲು ಚಾಟ್ ತೆಗೆದು, ಸಮಯ ನೋಡಿ, ಪ್ರತಿ ಸಂದೇಶವನ್ನೂ ಕ್ಯಾಪ್ಷನ್ ಸಾಲುಗಳ ನಡುವೆ ಅದರ ಜಾಗದಲ್ಲಿ ಸೇರಿಸುತ್ತೇನೆ. ಅನುವಾದಕರ ಹೆಸರಿನಲ್ಲಿ ಬಂದ ಸಾಲು ಸನ್ನೆಯಲ್ಲಿ ಹೇಳಿದವರ ಮಾತಾಗಿದ್ದರೆ ಅವರ ಹೆಸರಿಗೇ ಬರೆಯುತ್ತೇನೆ. ಮೇಲಿನ ಸಾರಾಂಶದ ಪೂರ್ತಿ ರೂಪದಲ್ಲಿ, ಟೆಸ್ಟರ್ ಸಾಲಿಗಿಂತ ಮೇಲೆ, ಪೇಮೆಂಟ್ ಪುಟದ ಮಾತು ಅದನ್ನು ಎತ್ತಿದವರ ಹೆಸರಿನಲ್ಲೇ ಇದೆ. ಅದನ್ನು ಅವರೊಬ್ಬರಿಗೇ ಅಲ್ಲ, ಇಡೀ ತಂಡಕ್ಕೆ ಕಳಿಸಿದ್ದೇನೆ.