ಇಳಿಜಾರು, ಏರು ಮತ್ತು ಒಬ್ಬ ಹುಡುಗನ ಓಟ

ನಮ್ಮ ಶಾಲೆಯ ಗೋಡೆ ಪತ್ರಿಕೆಗೆ ಈ ಸಲ ನಾನೊಂದು ಸಣ್ಣ ಕಥೆ ಬರೆದೆ. ಎಂಟನೇ ಕ್ಲಾಸಿನ ಹುಡುಗನೊಬ್ಬ ಶಾಲೆಗೆ ಓಡುತ್ತಾ ತನ್ನ ಸ್ಪೀಡ್ ಎಷ್ಟು ಅಂತ ಲೆಕ್ಕ ಹಾಕುವ ಕಥೆ. ಸ್ಟಾಫ್ ರೂಮಿನಲ್ಲಿ ಓದಿದವರು ಒಬ್ಬರು, "ಚೆನ್ನಾಗಿದೆ ಸರ್, ಆದ್ರೆ ಕೊನೆಗೆ ಅವನು ತಾಲ್ಲೂಕು ಕ್ರೀಡಾಕೂಟದಲ್ಲಿ ಫಸ್ಟ್ ಬರಬೇಕಿತ್ತು" ಅಂದರು. ನಾನು ಒಪ್ಪಲಿಲ್ಲ. ಯಾಕೆ ಒಪ್ಪಲಿಲ್ಲ ಅನ್ನೋದನ್ನು ಇಲ್ಲಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಇಪ್ಪತ್ತು ವರ್ಷದಿಂದ ಗಣಿತ ಪಾಠ ಮಾಡುತ್ತಿದ್ದೇನೆ. ಪರೀಕ್ಷೆಯಲ್ಲಿ ದೂರ ಕೊಟ್ಟಿರುತ್ತಾರೆ, ಕಾಲ ಕೊಟ್ಟಿರುತ್ತಾರೆ, ಮಕ್ಕಳು ಭಾಗಿಸಿ ಉತ್ತರ ಬರೆಯುತ್ತಾರೆ. ಆದರೆ ಆ ದೂರ, ಆ ಕಾಲ ಎಲ್ಲಿಂದ ಬಂತು? ಕಷ್ಟ ಇರೋದೇ ಅಲ್ಲಿ. ನನ್ನ ಕಥೆಯ ಹುಡುಗನಿಗೆ ಎರಡನ್ನೂ ಯಾರೂ ಕೊಡುವುದಿಲ್ಲ.

ಅವನ ಮನೆ ಒಂದು ದಿಬ್ಬದ ಮೇಲೆ, ಶಾಲೆ ಎದುರು ದಿಬ್ಬದ ಮೇಲೆ. ನಡುವೆ ಹಳ್ಳ, ಹಳ್ಳಕ್ಕೊಂದು ಮೋರಿ. ದೂರ ಅಳೆಯಲು ಅಪ್ಪನ ಸೈಕಲ್ ತಗೊಂಡು ಹಿಂದಿನ ಟೈರಿಗೆ ಸುಣ್ಣದ ಗುರುತು ಹಾಕುತ್ತಾನೆ. ಅಂಗಳದಲ್ಲಿ ಒಂದು ಸುತ್ತು ಉರುಳಿಸಿ ಟೇಪಿನಲ್ಲಿ ನೋಡಿದರೆ 2 ಮೀಟರ್ 20 ಸೆಂಟಿಮೀಟರ್. ಆಮೇಲೆ ಸೈಕಲ್ ತಳ್ಳಿಕೊಂಡು ಸುತ್ತು ಎಣಿಸುತ್ತಾ ಹೋಗುತ್ತಾನೆ. ಮೋರಿಗೆ 250 ಸುತ್ತು, ಶಾಲೆಯ ಗೇಟಿಗೆ 500. ಅಲ್ಲಿಗೆ 1,100 ಮೀಟರ್. ಹತ್ತಿ ತುಳಿಯದೆ ತಳ್ಳಿಕೊಂಡೇ ಹೋಗಿದ್ದಕ್ಕೆ ಕಾರಣ ಇದೆ. ಮೇಲೆ ಕೂತರೆ ಭಾರಕ್ಕೆ ಟೈರ್ ಅಮುಕಿಕೊಂಡು ಸುತ್ತು ಚಿಕ್ಕದಾಗುತ್ತದೆ. ಸುತ್ತಿಗೆ ಒಂದೇ ಸೆಂಟಿಮೀಟರ್ ತಪ್ಪಿದರೂ 500 ಸುತ್ತಿಗೆ 5 ಮೀಟರ್ ತಪ್ಪುತ್ತದೆ. ಅಂಗಳದಲ್ಲಿ ಹೇಗೆ ಉರುಳಿಸಿದ್ದನೋ ರಸ್ತೆಯಲ್ಲೂ ಹಾಗೇ ಉರುಳಿಸಬೇಕು.

ಇನ್ನು ಕಾಲ. ಮನೆಯ ಗಡಿಯಾರದಲ್ಲಿ ಸರಿಯಾಗಿ 9.20 ಆದಾಗ ಓಡಲು ಶುರು ಮಾಡಿದ. ಶಾಲೆ ತಲುಪಿ ಜಗುಲಿಯ ಗಡಿಯಾರ ನೋಡಿದರೆ 9.24. ನಾಲ್ಕು ನಿಮಿಷ! ಗಂಟೆಗೆ 16.5 ಕಿ.ಮೀ. ಸಂಜೆ ಅದೇ ಜೋರಿನಲ್ಲಿ ವಾಪಸ್ ಓಡಿದ. ಶಾಲೆಯ ಗಡಿಯಾರದಲ್ಲಿ 4.30ಕ್ಕೆ ಹೊರಟವನು ಮನೆಯ ಗಡಿಯಾರದಲ್ಲಿ 4.37ಕ್ಕೆ ತಲುಪಿದ. ಏಳು ನಿಮಿಷ. ದಾರಿ ಅದೇ, ಕಾಲೂ ಅವೇ. ಎರಡು ಕಡೆಯಿಂದಲೂ ಮೊದಲು ಇಳಿಜಾರು, ಆಮೇಲೆ ಏರು. ಮೂರು ನಿಮಿಷದ ವ್ಯತ್ಯಾಸ ಬರಲು ಕಾರಣವೇ ಇಲ್ಲ.

"ಅಕ್ಕಾ, ನಮ್ಮನೆ ಗಡಿಯಾರ ಮುಂದಿದೆಯಾ?"

"ನಮ್ಮದು ಮುಂದೋ, ಶಾಲೇದು ಹಿಂದೋ, ಯಾರಿಗೆ ಗೊತ್ತು ಮಾರಾಯ?"

ಯಾವುದು ಸರಿ ಅಂತ ಗೊತ್ತಾಗಬೇಕಾಗಿಯೇ ಇಲ್ಲ ಅನ್ನೋದು ಅವನಿಗೆ ರಾತ್ರಿ ಹೊಳೆಯುತ್ತದೆ. ಹೋಗುವಾಗ ಎಷ್ಟು ಕಮ್ಮಿ ತೋರಿಸಿತೋ, ಬರುವಾಗ ಅಷ್ಟೇ ಜಾಸ್ತಿ ತೋರಿಸಬೇಕು. 4 ಮತ್ತು 7 ಕೂಡಿಸಿ ಅರ್ಧ ಮಾಡಿದರೆ ಗಡಿಯಾರಗಳ ತಪ್ಪು ಹೊಡೆದುಹೋಗಿ ಐದೂವರೆ ನಿಮಿಷ ಉಳಿಯುತ್ತದೆ. ಎರಡು ಗಡಿಯಾರದ ನಡುವಿನ ಅಂತರ ಒಂದೂವರೆ ನಿಮಿಷ. ಮಾರನೇ ದಿನ ಅಕ್ಕನ ಡಿಜಿಟಲ್ ವಾಚು ಕಟ್ಟಿಕೊಂಡು ಓಡಿದ. 330 ಸೆಕೆಂಡ್. ಅಂದರೆ ಐದೂವರೆ ನಿಮಿಷವೇ.

ಈ ಭಾಗ ಬರೆಯುವಾಗ ನನಗಾದ ಖುಷಿ ಹೇಳತೀರದು. ಎರಡು ತಪ್ಪು ಗಡಿಯಾರಗಳಿಂದ ಒಂದು ಸರಿಯಾದ ಕಾಲ! ಒಂದು ಷರತ್ತಿದೆ: ಹೋಗಿ ಬರುವ ಎರಡೂ ಓಟಕ್ಕೆ ಒಂದೇ ಕಾಲ ಹಿಡಿದಿರಬೇಕು. ಅದಕ್ಕೇ ನಾನು ಹಳ್ಳವನ್ನು ಸರಿಯಾಗಿ ನಡುವೆ ಇಟ್ಟದ್ದು.

1,100 ಮೀಟರನ್ನು 330 ಸೆಕೆಂಡಿನಿಂದ ಭಾಗಿಸಿದರೆ ಸೆಕೆಂಡಿಗೆ 3.33 ಮೀಟರ್. ಗಂಟೆಯಲ್ಲಿ 3,600 ಸೆಕೆಂಡ್, ಕಿಲೋಮೀಟರಿನಲ್ಲಿ 1,000 ಮೀಟರ್, ಹಾಗಾಗಿ 3.6ರಿಂದ ಗುಣಿಸಿದರೆ ಗಂಟೆಗೆ 12 ಕಿ.ಮೀ. ಪರೀಕ್ಷೆಯ ಲೆಕ್ಕ ಆಗಿದ್ದರೆ ಇಲ್ಲಿಗೆ ಮುಗಿಯುತ್ತಿತ್ತು. ಆದರೆ ಹುಡುಗ ಮೋರಿಯ ಹತ್ತಿರವೂ ವಾಚು ನೋಡಿದ್ದ. ಇಳಿಜಾರಿನ 550 ಮೀಟರಿಗೆ 110 ಸೆಕೆಂಡ್, ಏರಿನ 550 ಮೀಟರಿಗೆ 220 ಸೆಕೆಂಡ್. ಇಳಿಯುವಾಗ ಗಂಟೆಗೆ 18 ಕಿ.ಮೀ., ಹತ್ತುವಾಗ 9. ಎರಡರ ಸರಾಸರಿ ಹದಿಮೂರೂವರೆ ಆಗಬೇಕಲ್ಲ, 12 ಯಾಕೆ ಬಂತು?

ಎಂಟನೇ ಕ್ಲಾಸಲ್ಲ, ಡಿಗ್ರಿ ಮುಗಿಸಿದವರೂ ಎಡವುವ ಜಾಗ ಇದು. ಎರಡೂ ಕಡೆ ದೂರ ಸಮ, ಆದರೆ ಅವನು ಕಳೆದ ಹೊತ್ತು ಸಮ ಅಲ್ಲ. 18ರಲ್ಲಿ ಓಡಿದ್ದು ಒಂದು ಪಾಲು ಹೊತ್ತು, 9ರಲ್ಲಿ ಓಡಿದ್ದು ಎರಡು ಪಾಲು. 18, 9, ಇನ್ನೊಂದು 9 ಕೂಡಿಸಿ ಮೂರರಿಂದ ಭಾಗಿಸಿ: ಸರಿಯಾಗಿ 12. ಸರಾಸರಿ ಜವ ಅಂದರೆ ಒಟ್ಟು ದೂರ ಭಾಗಿಸು ಒಟ್ಟು ಕಾಲ ಅಂತ ಪುಸ್ತಕದಲ್ಲಿ ಇರೋದು ಇದಕ್ಕೇ. (ಪುಸ್ತಕ ಸ್ಪೀಡಿಗೆ ಜವ ಅನ್ನುತ್ತದೆ, ದಿಕ್ಕನ್ನೂ ಹೇಳಿದರೆ ಮಾತ್ರ ವೇಗ. ಮಕ್ಕಳ ಬಾಯಲ್ಲಿ ಎರಡೂ ಸ್ಪೀಡೇ.) ಒಂದೇ ಸಂಖ್ಯೆಯೊಳಗೆ ಏನೆಲ್ಲ ಅಡಗಿರುತ್ತದೆ ನೋಡಿ. 2009ರಲ್ಲಿ ಬರ್ಲಿನ್‌ನಲ್ಲಿ ಉಸೇನ್ ಬೋಲ್ಟ್ 100 ಮೀಟರನ್ನು 9.58 ಸೆಕೆಂಡಿನಲ್ಲಿ ಓಡಿದ್ದು ಗಂಟೆಗೆ 37.6 ಕಿ.ಮೀ. ಸರಾಸರಿ. ಅದೇ ಓಟದ 60ರಿಂದ 80 ಮೀಟರ್ ನಡುವೆ ಅವನು ಸುಮಾರು 44.7ರಲ್ಲಿದ್ದ.

ಹುಡುಗನ ಆಸೆ ಇನ್ನೂ ದೊಡ್ಡದು. ಇಡೀ ದಾರಿಗೆ ಸರಾಸರಿ 18 ಬರಬೇಕು. "ಏರಿನಲ್ಲಿ ನನ್ನಿಂದ ಆಗಲ್ಲಕ್ಕಾ, ಅಲ್ಲಿ 9 ಇರಲಿ. ಇಳಿಜಾರಲ್ಲಿ 27ರಲ್ಲಿ ಓಡಿಬಿಡ್ತೀನಿ." ಅಕ್ಕ ಪೆನ್ಸಿಲ್ ಅವನ ಕೈಗೇ ಕೊಡುತ್ತಾಳೆ. 1,100 ಮೀಟರನ್ನು 18ರಲ್ಲಿ ಮುಗಿಸಬೇಕಾದರೆ ಇರೋದು 220 ಸೆಕೆಂಡ್. ಆ 220 ಸೆಕೆಂಡೂ ಏರಿಗೇ ಹೋಯಿತು. ಇಳಿಜಾರಿಗೆ ಉಳಿದದ್ದು ಸೊನ್ನೆ. 27 ಅಲ್ಲ, 100ರಲ್ಲಿ ಓಡಿದರೂ ಆಗುವುದಿಲ್ಲ. ಹುಡುಗ ಆ ಸೊನ್ನೆಯನ್ನೇ ನೋಡುತ್ತಾ ಕೂತುಬಿಡುತ್ತಾನೆ. ನನ್ನ ಮಟ್ಟಿಗೆ ಕಥೆಯ ಎದೆಬಡಿತ ಅದೇ. ಕ್ರೀಡಾಕೂಟದ ಕಪ್ಪು ತಂದಿಟ್ಟರೆ ಮಕ್ಕಳಿಗೆ ನೆನಪಿರೋದು ಕಪ್ಪು. ನನಗೆ ಆ ಸೊನ್ನೆ ನೆನಪಿರಬೇಕು.

ಆಮೇಲೆ ಅವನು ಬೇರೆ ಪ್ರಶ್ನೆ ಹಾಕಿಕೊಳ್ಳುತ್ತಾನೆ. ಸೆಕೆಂಡಿಗೆ ಅರ್ಧ ಮೀಟರ್ ಜಾಸ್ತಿ ಓಡುವ ಶಕ್ತಿ ನನ್ನಲ್ಲಿದ್ದರೆ ಅದನ್ನು ಎಲ್ಲಿ ಖರ್ಚು ಮಾಡಲಿ? ಇಳಿಜಾರಿನಲ್ಲಿ 5ನ್ನು 5.5 ಮಾಡಿದರೆ ಉಳಿಯೋದು 10 ಸೆಕೆಂಡ್. ಏರಿನಲ್ಲಿ 2.5ನ್ನು 3 ಮಾಡಿದರೆ 37 ಸೆಕೆಂಡ್! ನಿಧಾನ ಇರುವ ಕಡೆಯೇ ಹೊತ್ತು ಹೆಚ್ಚು ಸೋರುತ್ತಿದೆ. ಹಾಗಂತ ಏರಿನಲ್ಲಿ ಅರ್ಧ ಮೀಟರ್ ಹೆಚ್ಚು ಓಡೋದು ಇಳಿಜಾರಿನಷ್ಟು ಸುಲಭ ಅಲ್ಲ, ಉಸಿರು ಬೇಕು. ಅದನ್ನು ಲೆಕ್ಕ ಹೇಳುವುದಿಲ್ಲ, ತೊಡೆ ಹೇಳುತ್ತದೆ.

ಸೋಮವಾರ ಅವನು ಇಳಿಜಾರಿನಲ್ಲಿ ಬೇಕೆಂದೇ ತಡೆದು ಓಡಿದ. ಗೆಳೆಯರೆಲ್ಲ ಕೂಗುತ್ತಾ ಅವನನ್ನು ದಾಟಿ ಹೋದರು. ಮೋರಿ ಮುಟ್ಟಿದಾಗ ವಾಚಿನಲ್ಲಿ 122 ಸೆಕೆಂಡ್, ಹಿಂದಿಗಿಂತ 12 ಸೆಕೆಂಡ್ ತಡ. ಉಸಿರು ಮಾತ್ರ ಎದೆಯಲ್ಲಿ ಇನ್ನೂ ಉಳಿದಿತ್ತು. ಬ್ಯಾಗಿನ ಪಟ್ಟಿ ಬಿಗಿ ಮಾಡಿಕೊಂಡು ಏರು ಹತ್ತಿದ. ಅರ್ಧ ಏರಿನಲ್ಲಿ ಸೊಂಟ ಹಿಡಿದು ನಿಂತಿದ್ದ ಇಬ್ಬರನ್ನು ದಾಟಿದ. ಗೇಟು ಮುಟ್ಟಿ ವಾಚು ತಿರುಗಿಸಿದರೆ 305 ಸೆಕೆಂಡ್. ಪ್ರಾರ್ಥನೆಯ ಗಂಟೆ ಇನ್ನೂ ಹೊಡೆದಿರಲಿಲ್ಲ.